ದತ್ತಿ ಉಪನ್ಯಾಸಕ್ಕೆ ಪರಿಚಯ ಮಾಡಿಸಿದ್ದು: ಐದು ನಿಮಿಷದ ಮಾತಿಗೆ ಇಪ್ಪತ್ತೆರಡು ದಿನ

ಹೋದ ತಿಂಗಳು ಅಂಕೋಲೆಯಲ್ಲಿ ನಮ್ಮ ಮಾಸ್ತರರ ಹೆಸರಿನ ದತ್ತಿ ಉಪನ್ಯಾಸ ಆಯಿತು. ಉಪನ್ಯಾಸಕರನ್ನು ಪರಿಚಯಿಸುವ ಕೆಲಸ ನನಗೆ ಬಂತು. ಅದರ ಜೊತೆಗೇ ಮಾಸ್ತರರ ಬಗ್ಗೆ ಎರಡು ಮಾತು ಹೇಳಬೇಕಿತ್ತು. ಒಟ್ಟು ಐದು ನಿಮಿಷ. ಐದು ನಿಮಿಷ ತಾನೇ ಅಂದುಕೊಂಡು ಒಪ್ಪಿದೆ. ಆಮೇಲೆ ಇಪ್ಪತ್ತೆರಡು ದಿನ ಅದೇ ತಲೆಯಲ್ಲಿ ಓಡಾಡಿತು. ನಿಮಗೂ ಇಂಥ ಕೆಲಸ ಬರಬಹುದು, ಶಾಲೆಯಲ್ಲಿ ಕನ್ನಡ ಹೇಳಿಕೊಡುವವರಿಗಂತೂ ಬಂದೇ ಬರುತ್ತದೆ. ಅದಕ್ಕೇ ಎಲ್ಲಿ ಎಡವಿದೆ, ಎಲ್ಲಿ ಬಚಾವಾದೆ ಅಂತ ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮಾಸ್ತರರ ಹೆಸರು, ಅವರು ಬರೆದುಕೊಂಡ ಹಾಡನ್ನು ಹಾಡಿದವರ ಹೆಸರು ಇಲ್ಲಿ ಹಾಕಿಲ್ಲ. ಸಭೆಯಲ್ಲಿ ಹೇಳಲು ಎರಡೂ ಮನೆಯವರು ಒಪ್ಪಿದ್ದರು, ಆನ್‌ಲೈನ್‌ನಲ್ಲಿ ಹಾಕಲು ನಾನು ಕೇಳಿಲ್ಲ.

ಮಾಸ್ತರರು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ರಜೆ ಬಂತೆಂದರೆ ಹಾಲಕ್ಕಿ ಒಕ್ಕಲಿಗರ ಕೇರಿಗಳಿಗೆ ಹೋಗಿ ಹಾಡು ಬರೆದುಕೊಳ್ಳುತ್ತಿದ್ದರು. ಕಾಳಿ ನದಿಯಿಂದ ಶರಾವತಿಯವರೆಗೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಹಾಲಕ್ಕಿಗಳ ಕೊಪ್ಪಗಳಿವೆಯಲ್ಲ, ಅವುಗಳಲ್ಲಿ ಮಾಸ್ತರರ ಸೈಕಲ್ಲು ಹೋಗದ ದಾರಿ ಕಡಿಮೆ. ಆರು ವರ್ಷದ ಹಿಂದೆ ತೀರಿಕೊಂಡರು. ಅವರ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಲಕ್ಷ ಠೇವಣಿ ಇಟ್ಟಿದ್ದಾರೆ. ವರ್ಷಕ್ಕೆ 6,500 ರೂಪಾಯಿಯ ಆಸುಪಾಸು ಬಡ್ಡಿ ಬರುತ್ತದೆ. ಅದರಲ್ಲಿ ವರ್ಷಕ್ಕೊಂದು ಉಪನ್ಯಾಸ.

ದತ್ತಿಯ ಕಾರ್ಯದರ್ಶಿ ಫೋನ್ ಮಾಡಿ, "ಅಕ್ಕೋರೇ, ನೀವು ಮಾಸ್ತರರ ಕೈಯಲ್ಲಿ ಕಲಿತವರು, ನೀವೇ ಮಾಡಿ" ಅಂದರು. ನಾನು ಮೊದಲು ಕೇಳಿದ್ದು ದತ್ತಿ ಪತ್ರ. ಇದನ್ನು ನೀವೂ ಕೇಳಿ. ಠೇವಣಿ ಇಡುವಾಗ ಕೊಟ್ಟವರು ಒಂದು ಕಾಗದದಲ್ಲಿ ಷರತ್ತು ಬರೆದಿರುತ್ತಾರೆ. ಯಾವ ವಿಷಯದ ಮೇಲೆ ಉಪನ್ಯಾಸ ಆಗಬೇಕು, ಯಾರ ಹೆಸರಲ್ಲಿ, ಯಾವ ತಿಂಗಳಲ್ಲಿ ಅಂತ. ನಮ್ಮದರಲ್ಲಿ ಒಂದು ಸಾಲಿತ್ತು: ಮಾಸ್ತರರ ಹೆಸರಿನ ಹಿಂದೆ ಮುಂದೆ ಯಾವ ಬಿರುದೂ ಹಾಕಬಾರದು. ಅವರೇ ಬದುಕಿದ್ದಾಗ ಹೇಳಿದ್ದಂತೆ. ಆ ಕಾಗದ ನೋಡಿರದಿದ್ದರೆ ಆಮಂತ್ರಣ ಪತ್ರಿಕೆಯ ತಪ್ಪು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಪ್ರೆಸ್ಸಿನಿಂದ ಬಂದ ಕರಡಿನಲ್ಲಿ ಮಾಸ್ತರರ ಹೆಸರಿನ ಹಿಂದೆ "ಡಾ." ಅಂತ ಕೂತಿತ್ತು. ಅಷ್ಟೊಂದು ಕೆಲಸ ಮಾಡಿದವರು ಡಾಕ್ಟರೇ ಇರಬೇಕು ಅಂತ ಯಾರೋ ಸೇರಿಸಿದ್ದರು. ಅವರಿಗೆ ಡಾಕ್ಟರೇಟ್ ಇರಲಿಲ್ಲ, ಅದಕ್ಕೆ ಅರ್ಜಿಯನ್ನೂ ಹಾಕಿರಲಿಲ್ಲ. ಉಪನ್ಯಾಸಕರ ಹುದ್ದೆಯೂ ಹಳೆಯದಿತ್ತು, ಅವರು ಹೋದ ವರ್ಷವೇ ನಿವೃತ್ತರಾಗಿದ್ದಾರೆ. ಎರಡೂ ತಿದ್ದಿಸಿದೆವು. ಕರಡನ್ನು ವಾಟ್ಸಾಪಿನಲ್ಲಿ ಉಪನ್ಯಾಸಕರಿಗೂ ಮಾಸ್ತರರ ಮನೆಗೂ ಕಳಿಸಿ, ಇಬ್ಬರೂ ಸರಿ ಅಂದ ಮೇಲೆ ಅಚ್ಚಿಗೆ ಹಾಕಿಸಿ. ಒಂದು ದಿನ ತಡವಾದರೆ ಆಗಲಿ.

ಮುಂದಿನ ತೊಡಕು ಹುಟ್ಟಿದ ತಾರೀಖಿನದು. ಹಳೆಯ ಅಭಿನಂದನೆ ಕಾಗದದಲ್ಲಿ 1-6-1938 ಅಂತಿತ್ತು. ನನಗೆ ಆಗಲೇ ಅನುಮಾನ ಬಂತು. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಎಷ್ಟೋ ಮಕ್ಕಳಿಗೆ ಜೂನ್ ಒಂದನೇ ತಾರೀಖನ್ನೇ ಬರೆದುಬಿಡುತ್ತಿದ್ದರು, ನನ್ನ ಅಪ್ಪನದೂ ಅದೇ. ಗಂಗಾವಳಿ ದಂಡೆಯ ಮಾಸ್ತರರ ಮನೆಗೆ ಹೋದೆ. ಅಮ್ಮನವರು "ಆಸ್ರಿಗೆ ಎಂತ ಬೇಕು?" ಅಂತ ಕೇಳಿ, ಪುನರ್ಪುಳಿ ಪಾನಕ ತಂದಿಟ್ಟು ಕೂತರು. "ಜೂನ್ ಅಲ್ಲ. ಚೌತಿ ಕಳೆದು ಮೂರನೇ ದಿನ ಹುಟ್ಟಿದ್ದು ಅಂತ ಅತ್ತೆ ಹೇಳ್ತಿದ್ರು. ಹಾಗಾಗಿ ನಾವು ಚೌತಿ ಆದ ಮೇಲೆ ಪಾಯಸ ಮಾಡ್ತಿದ್ವಿ" ಅಂದರು. ವರ್ಷದ ಬಗ್ಗೆ ಅವರಿಗೂ ಗಟ್ಟಿ ಇರಲಿಲ್ಲ. ನಾನು ತಾರೀಖನ್ನೇ ಬಿಟ್ಟೆ. ಕೇಳುವವರಿಗೆ ತಾರೀಖು ಬೇಕಾಗಿಯೂ ಇಲ್ಲ, ಅಲ್ವಾ? ಆದರೆ ತಪ್ಪು ತಾರೀಖು ಹೇಳಿದ್ದರೆ ಮುಂದಿನ ಸಾಲಿನಲ್ಲಿ ಕೂತ ಅಮ್ಮನವರಿಗೆ ಆಮೇಲಿನ ಮಾತು ಯಾವುದೂ ಕಿವಿಗೆ ಹೋಗುತ್ತಿರಲಿಲ್ಲ.

ಅವತ್ತೇ ಅವರು ನೋಟ್‌ಬುಕ್ಕುಗಳನ್ನು ತೋರಿಸಿದರು. ಉದ್ದನೆಯ ಲಾಂಗ್ ಬುಕ್ಕುಗಳು, ಕಂದು ಕಾಗದದ ಹೊದಿಕೆ, ಅಂಚಿನಲ್ಲಿ ಗೆದ್ದಲು ತಿಂದ ಗುರುತು. ಪ್ರತಿ ಪುಟದ ತಲೆಯಲ್ಲಿ ನಾಲ್ಕು ಸಾಲು: ಹಾಡಿದವರ ಹೆಸರು, ಊರು, ತಾರೀಖು, ಹಾಡುವಾಗ ಮಾಡುತ್ತಿದ್ದ ಕೆಲಸ. ಆಮೇಲೆ ಹಾಡು. ಹೆಸರು ಬರೆಯದೆ ಒಂದೇ ಒಂದು ಹಾಡು ಇಲ್ಲ. ಎಷ್ಟೋ ಜಾನಪದ ಸಂಗ್ರಹಗಳಲ್ಲಿ ಹಾಡು ಇರುತ್ತದೆ, ಹಾಡಿದವರು ಇರುವುದಿಲ್ಲ. ಹಾಲಕ್ಕಿ ಹಾಡು ಅಂದರೆ ಇವತ್ತು ಎಲ್ಲರಿಗೂ ಬಡಗೇರಿಯ ಸುಕ್ರಿ ಬೊಮ್ಮಗೌಡರ ಹೆಸರು ನೆನಪಾಗುತ್ತದೆ, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಹಾಗೆ ಹಾಡುತ್ತಿದ್ದ ಇನ್ನೆಷ್ಟೋ ಹೆಂಗಸರ ಹೆಸರು ಎಲ್ಲಿಯೂ ಇಲ್ಲ. ಮಾಸ್ತರರ ಬುಕ್ಕಿನಲ್ಲಿ ಇದೆ.

1979ರ ಒಂದು ಪುಟದಲ್ಲಿ ನನ್ನ ಬೆರಳು ನಿಂತಿತು. ಮೇಲೆ ಹೆಸರು, ಊರು, ತಾರೀಖು. ಕೆಲಸ: ಭತ್ತ ಕುಟ್ಟುವುದು. ಕೆಳಗೆ ಹನ್ನೊಂದು ಸಾಲು ಹಾಡು. ಹನ್ನೆರಡನೆಯದು ಅರ್ಧಕ್ಕೇ ನಿಂತಿದೆ. ಅದರ ಪಕ್ಕ ಸಣ್ಣ ಅಕ್ಷರದಲ್ಲಿ: "ಮಗು ಅತ್ತಿತು. ಒನಕೆ ನಿಂತಿತು. ಉಳಿದದ್ದು ನಾಳೆ." ಮುಂದಿನ ಪುಟದಲ್ಲಿ ಮರುದಿನದ ತಾರೀಖು, ಅದೇ ಹೆಸರು, ಅದೇ ಹಾಡು, ಮತ್ತೆ ಮೊದಲ ಸಾಲಿನಿಂದ. ನಿಂತಲ್ಲಿಂದ ಮುಂದಕ್ಕೆ ಬರೆದುಕೊಂಡಿದ್ದರೂ ನಡೆಯುತ್ತಿತ್ತು. ಮಾಸ್ತರರು ಹಾಗೆ ಮಾಡಿಲ್ಲ.

ಮನೆಗೆ ಬರುವ ಬಸ್ಸಿನಲ್ಲೇ ನನಗೆ ಗೊತ್ತಾಯಿತು, ಮಾಸ್ತರರ ಬಗ್ಗೆ ಹೇಳಬೇಕಾದದ್ದು ಇಷ್ಟೇ. ಅದಕ್ಕೂ ಮೊದಲು ಬರೆದ ಕರಡಿನಲ್ಲಿ ಅವರ ಪುಸ್ತಕ, ಸೇವೆ ಮಾಡಿದ ಶಾಲೆ, ಸನ್ಮಾನ ಎಲ್ಲ ಇದ್ದವು, "ತುಂಬಲಾರದ ನಷ್ಟ" ಕೂಡ ಇತ್ತು. ಎಲ್ಲ ತೆಗೆದೆ. ಎರಡು ನಿಮಿಷದಲ್ಲಿ ಒಬ್ಬರ ಬದುಕನ್ನು ಹೇಳಲಾಗದು, ಒಂದು ಪುಟವನ್ನು ಹೇಳಬಹುದು. ಅವರನ್ನು ಕಾಣದ ಹುಡುಗರೂ ಆ ಪುಟ ಕೇಳಿದರೆ ಮಾಸ್ತರರು ಎಂಥವರು ಅಂತ ತಿಳಿದುಕೊಳ್ಳುತ್ತಾರೆ.

ಆದರೆ ಸಭೆಯಲ್ಲಿ ಹಾಡಿದವರ ಹೆಸರು ಹೇಳಬೇಕೆಂದರೆ ಮನೆಯವರನ್ನು ಕೇಳಬೇಕು. ಭಾನುವಾರ ಆ ಕೊಪ್ಪಕ್ಕೆ ಹೋದೆ. ಹಾಡಿದ ಅಜ್ಜಿ ತೀರಿಕೊಂಡು ಬಹಳ ವರ್ಷವಾಗಿದೆ, ಮಗಳು ಇದ್ದಾರೆ. ಪುಟದ ಜೆರಾಕ್ಸ್ ಕೈಗೆ ಕೊಟ್ಟೆ. ಅವರಿಗೆ ಓದು ಬರುವುದಿಲ್ಲ, ಮೊಮ್ಮಗಳು ಓದಿ ಹೇಳಿದಳು. ನಾನು ಕರಡಿನಲ್ಲಿ ಆಗಲೇ ಬರೆದುಕೊಂಡಿದ್ದೆ, ಅವತ್ತು ಅತ್ತ ಮಗು ಇವತ್ತು ನಮ್ಮ ನಡುವೆ ಕೂತಿದೆ ಅಂತ. ಎಷ್ಟು ಚಂದದ ಸಾಲು ಅಂತ ಖುಷಿಯೂ ಪಟ್ಟಿದ್ದೆ. ಅವರು ಕೇಳಿ, "ಅದು ನಾನಲ್ಲ ಅಕ್ಕೋರೇ, ನಮ್ಮಣ್ಣ. ನಾನು ಅವನಿಗಿಂತ ಮೂರು ವರ್ಷಕ್ಕೆ ಸಣ್ಣವಳು" ಅಂದರು. ಅಣ್ಣ ಗೋವಾದಲ್ಲಿ ಬೋಟಿನ ಕೆಲಸದಲ್ಲಿದ್ದಾರೆ, ಬರಲಾಗುವುದಿಲ್ಲ. ಆ ಸಾಲು ಹೋಯಿತು. ಊಹೆಯಲ್ಲಿ ಚಂದ ಕಂಡದ್ದನ್ನು ಒಮ್ಮೆ ಆ ಮನೆಯಲ್ಲೇ ಕೇಳಿ ನೋಡಿ. ಹೆಸರು ಹೇಳಲು ಅವರು ಒಪ್ಪಿದರು. ಒಂದೇ ಮಾತು ಕೇಳಿದರು: ಅವ್ವನ ಹೆಸರಿನ ಜೊತೆ ಅಪ್ಪನ ಹೆಸರೂ ಸೇರಿಸಿ ಹೇಳಬೇಕು, ಅದೇ ಹೆಸರಿನವರು ಕೊಪ್ಪದಲ್ಲಿ ಇನ್ನಿಬ್ಬರು ಇದ್ದರಂತೆ.

ಇನ್ನು ಉಪನ್ಯಾಸಕರ ಕಡೆಯದು. ಧಾರವಾಡದವರು, ಜಾನಪದದ ಪ್ರಾಧ್ಯಾಪಕರಾಗಿದ್ದವರು. ಅವರ ಬಯೋಡೇಟಾ ತರಿಸಿದೆ, ಏಳು ಪುಟ. ಪ್ರಬಂಧಗಳ ಪಟ್ಟಿ, ಸಮಿತಿಗಳ ಪಟ್ಟಿ, ಪ್ರಶಸ್ತಿಗಳು. ಇದನ್ನು ಓದಿ ಹೇಳುವುದೇ ಪರಿಚಯ ಅಂತ ನಮ್ಮ ಕಡೆ ಆಗಿಬಿಟ್ಟಿದೆ. ಕೇಳುವವರು ಎರಡನೇ ಪ್ರಶಸ್ತಿಗೇ ಫೋನ್ ತೆಗೆಯುತ್ತಾರೆ. ಪರಿಚಯ ಕೇಳಿದ ಮೇಲೆ ಸಭೆಗೆ ಗೊತ್ತಾಗಬೇಕಾದದ್ದು ಒಂದೇ: ಇವತ್ತಿನ ವಿಷಯಕ್ಕೆ ಇವರೇ ಯಾಕೆ? ವಿಷಯ ಇದ್ದದ್ದು ಹಾಲಕ್ಕಿ ಹಾಡುಗಳ ಧ್ವನಿಮುದ್ರಣ. ಏಳು ಪುಟದಲ್ಲಿ ಅದಕ್ಕೆ ಸಂಬಂಧಪಟ್ಟದ್ದು ಅರ್ಧ ಸಾಲು, "ಕ್ಯಾಸೆಟ್‌ಗಳ ಡಿಜಿಟಲೀಕರಣ" ಅಂತ.

ಫೋನ್ ಮಾಡಿದೆ. ಮೂರು ಪ್ರಶ್ನೆ ಬರೆದಿಟ್ಟುಕೊಂಡಿದ್ದೆ. ನಿಮ್ಮ ಹೆಸರು, ಮನೆತನದ ಹೆಸರನ್ನು ಹೇಗೆ ಹೇಳಬೇಕು? ಆ ಅರ್ಧ ಸಾಲಿನ ಹಿಂದೆ ಏನಿದೆ? ನೀವು ಯಾವುದರಿಂದ ಮಾತು ಶುರು ಮಾಡುತ್ತೀರಿ? ಮೊದಲನೆಯದಕ್ಕೆ ಅವರು ನಕ್ಕು, ಮನೆತನದ ಹೆಸರಿನಲ್ಲಿ ಎಲ್ಲರೂ ಅಲ್ಪಪ್ರಾಣ ಮಾಡುವ ಕಡೆ ಮಹಾಪ್ರಾಣ ಇದೆ ಅಂತ ತಿದ್ದಿದರು. ನಾನೂ ತಪ್ಪಾಗಿಯೇ ಹೇಳುತ್ತಿದ್ದೆ.

ಎರಡನೆಯದಕ್ಕೆ ಇಪ್ಪತ್ತು ನಿಮಿಷ ಮಾತಾಡಿದರು. ಮಾಸ್ತರರು ತೀರಿಕೊಂಡ ಮೇಲೆ ಅವರ 43 ಕ್ಯಾಸೆಟ್ಟುಗಳನ್ನು ಅಮ್ಮನವರು ಇವರಿಗೆ ಕೊಟ್ಟಿದ್ದರು. ನಮ್ಮ ಕರಾವಳಿಯ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಸ್ಟು ಹಿಡಿದಿತ್ತು. ಹಾಗೇ ಪ್ಲೇಯರಿಗೆ ಹಾಕಿದರೆ ಆ ಪುಡಿ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ, ಟೇಪು ಅಂಟಿದ್ದರೆ ಹರಿಯುತ್ತದೆ. ಮೊದಲು ಒಣಗಿಸಿ, ಕೈಯಿಂದ ಮೆಲ್ಲಗೆ ಸುತ್ತಿ, ಒರೆಸಿ, ಆಮೇಲೆ ಓಡಿಸಬೇಕು. ಇದರಲ್ಲಿ ಅವಸರ ನಡೆಯುವುದಿಲ್ಲ. ಒಂದು ತಾಸಿನ ಕ್ಯಾಸೆಟ್ಟು ನಕಲು ಆಗಲು ಒಂದು ತಾಸೇ ಬೇಕು, ಅಷ್ಟೂ ಹೊತ್ತು ಕೂತು ಕೇಳಬೇಕು. 43 ಕ್ಯಾಸೆಟ್ಟಿಗೆ 43 ತಾಸು. ಒರೆಸುವ ಹೊತ್ತು ಇದರಲ್ಲಿ ಸೇರಿಲ್ಲ. ನನಗೆ ಪರಿಚಯ ಸಿಕ್ಕಿತು.

ಮೂರನೆಯ ಪ್ರಶ್ನೆ ಕೇಳಿರದಿದ್ದರೆ ನಾನು ಅವರ ಉಪನ್ಯಾಸವನ್ನೇ ಹಾಳು ಮಾಡುತ್ತಿದ್ದೆ. ನಾನು ಆ ಕುಟ್ಟುವ ಹಾಡಿನ ಹನ್ನೊಂದು ಸಾಲನ್ನು ಓದಬೇಕೆಂದಿದ್ದೆ. ಅವರು, "ಮೇಡಂ, ಆ ಹಾಡ ನೀವು ಓದಬ್ಯಾಡ್ರಿ. ಅದನ್ನ ಕೇಳಿಸಿನ ನಾ ಶುರು ಮಾಡಾಂವ" ಅಂದರು. ಅದೇ ದಿನದ ಮುದ್ರಣ ಕ್ಯಾಸೆಟ್ಟಿನಲ್ಲಿತ್ತು. ಹಾಗಾದರೆ ನಾನೇನು ಹೇಳಲಿ ಅಂತ ಕೇಳಿದೆ. "ಪುಟದ ತಲೆ ಓದ್ರಿ. ಹಾಡು ನನಗ ಬಿಡ್ರಿ" ಅಂದರು. ಉಪನ್ಯಾಸಕರನ್ನು ಇದೊಂದು ಪ್ರಶ್ನೆ ಖಂಡಿತ ಕೇಳಿ. ಪರಿಚಯ ಮಾಡಿಸುವವರು ವಿಷಯದ ಸಾರ ಹೇಳಿಬಿಟ್ಟರೆ ಅವರು ಎದ್ದು ನಿಂತು ಅದನ್ನೇ ಮತ್ತೆ ಹೇಳಬೇಕಾಗುತ್ತದೆ.

ಬರೆದದ್ದನ್ನು ಗಡಿಯಾರ ಇಟ್ಟು ಜೋರಾಗಿ ಓದಿದೆ. ನಾನು ನಿಮಿಷಕ್ಕೆ ಸುಮಾರು 80 ಪದ ಹೇಳುತ್ತೇನೆ, ಮನಸ್ಸಿನಲ್ಲಿ ಓದಿಕೊಂಡರೆ ಇದರ ಅಂದಾಜು ಸಿಗುವುದಿಲ್ಲ. ಮೊದಲ ಕರಡು ಒಂಬತ್ತು ನಿಮಿಷ ಆಗಿತ್ತು. ಕೊನೆಗೆ ಮಾಸ್ತರರಿಗೆ ಎರಡು ನಿಮಿಷ, ಉಪನ್ಯಾಸಕರಿಗೆ ಎರಡೂವರೆ. ಕನ್ನಡಕ ಇಲ್ಲದೆಯೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆದಾಗ ಎರಡೂ ಒಂದೇ ಹಾಳೆಯಲ್ಲಿ ಹಿಡಿಸಲಿಲ್ಲ. ಮಾಸ್ತರರದ್ದು ಒಂದು ಹಾಳೆ, ಉಪನ್ಯಾಸಕರದ್ದು ಒಂದು ಹಾಳೆ ಆಯಿತು. ಇದೇ ಆಮೇಲೆ ಉಪಯೋಗಕ್ಕೆ ಬಂತು.

ಕಾರ್ಯಕ್ರಮ ಹತ್ತೂವರೆಗೆ. ಹತ್ತು ಗಂಟೆಗೆ ಕಾರ್ಯದರ್ಶಿಗಳ ಮುಖ ಬಾಡಿತ್ತು. ಉಪನ್ಯಾಸಕರ ಕಾರು ಅರಬೈಲ್ ಘಾಟಿಯಲ್ಲಿ ನಿಂತಿದೆ, ಲಾರಿ ಕೆಟ್ಟು ಅಡ್ಡ ನಿಂತು ಎರಡೂ ಕಡೆ ಸಾಲು. ಅಲ್ಲಿ ಫೋನೂ ಸರಿಯಾಗಿ ಸಿಗುವುದಿಲ್ಲ. ಸಭಾಂಗಣ ತುಂಬಿದೆ, ಮಕ್ಕಳನ್ನು ಕರೆತಂದು ಕೂರಿಸಿದ್ದಾರೆ. ಪ್ರಾರ್ಥನೆ, ಸ್ವಾಗತ, ದೀಪ, ಫೋಟೋಗೆ ಹೂವು ಎಲ್ಲ ಮುಗಿಯಿತು. ಆಗ ವೇದಿಕೆಯ ಮೇಲಿದ್ದ ಹಿರಿಯರೊಬ್ಬರು ನನ್ನ ಕಿವಿಯಲ್ಲಿ, "ಪರಿಚಯ ಶುರು ಮಾಡಿ, ಅವರು ಬರೋವರೆಗೆ ಎಳೆಯಿರಿ" ಅಂದರು.

ನನಗೆ ಎದೆ ಹೊಡೆದುಕೊಂಡಿತು. ಖಾಲಿ ಕುರ್ಚಿಯನ್ನು ಪರಿಚಯಿಸುವುದು ಹೇಗೆ? ಹೇಳಿದರೂ ಅವರು ಬಂದಾಗ ಸಭೆಗೆ ಮರೆತಿರುತ್ತದೆ. ಕೈಯಲ್ಲಿ ಎರಡು ಹಾಳೆ ಬೇರೆ ಬೇರೆ ಇದ್ದದ್ದು ಆಗ ಹೊಳೆಯಿತು. ಮಾಸ್ತರರದ್ದನ್ನು ಈಗ ಹೇಳುತ್ತೇನೆ, ಉಪನ್ಯಾಸಕರದ್ದು ಅವರು ಬಂದ ಮೇಲೆ, ನಡುವೆ ಹಳೆಯ ವಿದ್ಯಾರ್ಥಿಗಳು ಯಾರಾದರೂ ನೆನಪು ಹೇಳಲಿ ಅಂದೆ. ಒಪ್ಪಿದರು. ಎಳೆಯಲು ಹೇಳಿದರೆ ಎಳೆಯಬೇಡಿ. ತೀರಿಕೊಂಡವರ ಬಗ್ಗೆ ಹೊತ್ತು ಕಳೆಯಲು ಆಡಿದ ಮಾತು ಮನೆಯವರಿಗೆ ಗೊತ್ತಾಗುತ್ತದೆ.

ಮೊದಲ ಹಾಳೆಯಲ್ಲಿ ಇದ್ದದ್ದು ಹೆಚ್ಚು ಕಡಿಮೆ ಹೀಗೆ:

"ನಮ್ಮ ಮಾಸ್ತರರ ನೋಟ್‌ಬುಕ್ಕಿನ ಒಂದು ಪುಟ ಓದುತ್ತೇನೆ. ಹಾಡನ್ನು ಓದುವುದಿಲ್ಲ, ಅದರ ತಲೆಯಲ್ಲಿರುವ ನಾಲ್ಕು ಸಾಲು ಮಾತ್ರ." ಆಮೇಲೆ ಅಜ್ಜಿಯ ಹೆಸರು, ಅವರ ಗಂಡನ ಹೆಸರು, ಕೊಪ್ಪದ ಹೆಸರು, ತಾರೀಖು, ಭತ್ತ ಕುಟ್ಟುವುದು. "ಹನ್ನೆರಡನೇ ಸಾಲಿನ ಪಕ್ಕ ಮಾಸ್ತರರು ಬರೆದಿದ್ದಾರೆ: ಮಗು ಅತ್ತಿತು, ಒನಕೆ ನಿಂತಿತು, ಉಳಿದದ್ದು ನಾಳೆ. ಮರುದಿನ ಅವರು ಮತ್ತೆ ಹೋದರು. ಮೊದಲ ಸಾಲಿನಿಂದ ಬರೆದುಕೊಂಡರು. ಅವರು ಬರೆದ ಒಂದೊಂದು ಹಾಡಿನ ಮೇಲೂ ಅದನ್ನು ಹಾಡಿದವರ ಹೆಸರಿದೆ. ಈ ಪುಟದ ಅಜ್ಜಿಯ ಮಗಳು ಇವತ್ತು ಇಲ್ಲಿ ಬಂದಿದ್ದಾರೆ."

ಅಷ್ಟೇ. ಎರಡು ನಿಮಿಷವೂ ಆಗಲಿಲ್ಲ. ಸಭೆ ತಿರುಗಿ ಅವರನ್ನು ನೋಡಿತು. ಅವರು ಸೆರಗನ್ನು ಬಾಯಿಗೆ ಹಿಡಿದು ಕೂತಿದ್ದರು. ಅಮ್ಮನವರು ಪಕ್ಕದ ಕುರ್ಚಿ ತೋರಿಸಿ ಅವರನ್ನು ಮುಂದಕ್ಕೆ ಕರೆದರು.

ಮೂರು ಜನ ನೆನಪು ಹೇಳಿದರು. ಹನ್ನೊಂದೂ ಇಪ್ಪತ್ತಕ್ಕೆ ಉಪನ್ಯಾಸಕರು ಬಂದರು. ನೀರು ಕುಡಿಯಲಿ ಅಂತ ಐದು ನಿಮಿಷ ಬಿಟ್ಟು ನಾನು ಎರಡನೇ ಹಾಳೆ ಹಿಡಿದು ಎದ್ದೆ. ಬೂಸ್ಟು, ಒರೆಸುವುದು, 43 ತಾಸು ಕೂತು ಕೇಳಿದ್ದು ಹೇಳಿದೆ. ಪ್ರಶಸ್ತಿ ಒಂದನ್ನೂ ಹೇಳಲಿಲ್ಲ, ಅವು ಆಮಂತ್ರಣದ ಹಿಂಬದಿಯಲ್ಲಿ ಅಚ್ಚಾಗಿದ್ದವು. ಮಾಸ್ತರರ ಜಾಗ ತುಂಬಿದವರು ಅಂತಲೂ ಹೇಳಲಿಲ್ಲ. ಮನೆಯವರ ಮುಂದೆ ಯಾರನ್ನೂ ಹಾಗೆ ಕೂರಿಸಬಾರದು, ಬಂದವರಿಗೂ ಅದು ಭಾರ. ಹೆಸರನ್ನು ಕೊನೆಯ ಪದವಾಗಿ, ಮಹಾಪ್ರಾಣ ಸಮೇತ ಹೇಳಿ ಕೂತೆ. ಹೆಸರು ಕೊನೆಗೆ ಬಂದರೆ ಚಪ್ಪಾಳೆ ತಾನಾಗಿ ಬರುತ್ತದೆ, ಅವರು ಎದ್ದು ಬರಲೂ ಸುಲಭ.

ಅವರು ಮೈಕಿಗೆ ಬಂದು ಏನೂ ಹೇಳದೆ ಲ್ಯಾಪ್‌ಟಾಪಿನ ಗುಂಡಿ ಒತ್ತಿದರು. ಮೊದಲು ಬರೀ ಸರಸರ ಸದ್ದು. ಆಮೇಲೆ ಒನಕೆಯ ಧಪ್, ಧಪ್. ಅದರ ಮೇಲೆ ಅಜ್ಜಿಯ ದನಿ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಮಗು ಅತ್ತದ್ದು ಕೇಳಿತು. ಒನಕೆ ನಿಂತಿತು. ಯಾರೋ ಏನೋ ಅಂದ ಹಾಗಾಯಿತು, ಟಕ್ ಅಂತ ಮುದ್ರಣ ನಿಂತಿತು. ಸಭೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನಾನು ಹನ್ನೊಂದು ಸಾಲು ಓದಿಬಿಟ್ಟಿದ್ದರೆ ಇದು ಆಗುತ್ತಿರಲಿಲ್ಲ.

ಖರ್ಚಿನದನ್ನೂ ಹೇಳಿಬಿಡುತ್ತೇನೆ, ಹೊಸದಾಗಿ ದತ್ತಿ ಇಡುವವರು ಕೇಳುತ್ತಿರುತ್ತಾರೆ. ಧಾರವಾಡದಿಂದ ಬಾಡಿಗೆ ಕಾರು ಹೋಗಿ ಬರಲು 4,200, ಆಮಂತ್ರಣಕ್ಕೆ 1,100, ಶಾಲು, ಹಣ್ಣು, ನೆನಪಿನ ಕಾಣಿಕೆಗೆ 900, ಚಹಾ ಅವಲಕ್ಕಿಗೆ 2,400. ಒಟ್ಟು 8,600. ಬಡ್ಡಿಗಿಂತ 2,100 ಜಾಸ್ತಿ. ಹಳೆಯ ವಿದ್ಯಾರ್ಥಿಗಳು ಕೂಡಿ ಕೊಟ್ಟರು. ಉಪನ್ಯಾಸಕರು ಗೌರವಧನ ತೆಗೆದುಕೊಳ್ಳಲಿಲ್ಲ, ತೆಗೆದುಕೊಂಡಿದ್ದರೆ ಇನ್ನೂ ಹೊಂದಿಸಬೇಕಿತ್ತು. ಲಕ್ಷದ ಠೇವಣಿಗೆ ಹೊರಗಿನವರನ್ನು ಪ್ರತಿವರ್ಷ ಕರೆಸುವುದು ಕಷ್ಟ.

ನನ್ನ ಎರಡು ಹಾಳೆಯನ್ನು ಕಾರ್ಯದರ್ಶಿಗಳು ದತ್ತಿ ಫೈಲಿಗೆ ಹಾಕಿದ್ದಾರೆ. ಮುಂದಿನ ವರ್ಷ ಮಾತಾಡುವವರು ಅದೇ ಪುಟವನ್ನು ಮತ್ತೆ ಓದದಿರಲಿ, ಬೇರೆ ಪುಟ ತೆಗೆಯಲಿ ಅಂತ ಮೇಲೆ ಪೆನ್ಸಿಲಿನಲ್ಲಿ ಬುಕ್ಕಿನ ನಂಬರು, ಪುಟದ ನಂಬರು ಬರೆದಿದ್ದೇನೆ. ಹಾಡಿನ ನಕಲನ್ನು ಉಪನ್ಯಾಸಕರು ಪೆನ್‌ಡ್ರೈವಿನಲ್ಲಿ ಹಾಕಿ ಮಗಳಿಗೆ ಕೊಟ್ಟರು. ಮೊಮ್ಮಗಳು ಅಲ್ಲೇ ಅದನ್ನು ಫೋನಿಗೆ ಹಾಕಿಕೊಂಡು ಗೋವಾಕ್ಕೆ, ಮಾವನಿಗೆ ಕಳಿಸಿದಳು.